ಮೂರು ಸೈಟೇಶನ್, ಒಂದೇ ಬೇರು: ಒಂದು ಕಾನೂನು ಲೇಖನ ಓದಿದ ಪ್ರಕರಣ

ಇದು 2023ರಲ್ಲಿ ನಡೆದದ್ದು. ಕಕ್ಷಿದಾರರು, ವಕೀಲರು, ಲೇಖನ ಬರೆದವರು ಯಾರೆಂದು ಹೇಳುವುದಿಲ್ಲ. ತೀರ್ಪುಗಳ ಹೆಸರು ಮಾತ್ರ ಹಾಗೇ ಇಟ್ಟಿದ್ದೇನೆ, ಅವು ಯಾರು ಬೇಕಾದರೂ ತೆಗೆದು ಓದಬಹುದಾದವು.

ಹಿನ್ನೆಲೆ ಹೀಗಿದೆ. ಒಂದು ಕ್ರಿಮಿನಲ್ ಕೇಸು, ವಿಚಾರಣೆ 2022ರಲ್ಲಿ ಶುರುವಾಗಿತ್ತು. ಆರೋಪಿಯ ವಾದ ಸರಳ: ಘಟನೆ ನಡೆದ ಹೊತ್ತಿಗೆ ನಾನು ಬೇರೆ ಕಡೆ ಇದ್ದೆ, ಅಲ್ಲಿನ ಕಟ್ಟಡದ ಸಿಸಿಟಿವಿಯಲ್ಲಿ ನನ್ನ ಮುಖ ಇದೆ. ಆ ದೃಶ್ಯದ ಪ್ರತಿ ಒಂದು ಪೆನ್‌ಡ್ರೈವ್‌ನಲ್ಲಿತ್ತು. ಡಿವಿಆರ್‌ನಲ್ಲಿದ್ದ ಮೂಲ ಯಾವತ್ತೋ ಅಳಿಸಿಹೋಗಿತ್ತು, ಹಳೆಯದರ ಮೇಲೆ ಹೊಸದು ದಾಖಲಾಗುತ್ತಾ ಹೋಗುತ್ತದಲ್ಲ, ಹಾಗೆ. ಪ್ರತಿ ತೆಗೆದುಕೊಟ್ಟವರು ಕಟ್ಟಡದ ಮಾಲೀಕರೇ. ಆದರೆ ಭಾರತೀಯ ಸಾಕ್ಷ್ಯ ಕಾಯಿದೆಯ ಕಲಂ 65ಬಿ ಪ್ರಕಾರ, ಎಲೆಕ್ಟ್ರಾನಿಕ್ ದಾಖಲೆಯ ಪ್ರತಿಯ ಜೊತೆ ಕೊಡುವ ಒಂದು ಪ್ರಮಾಣಪತ್ರಕ್ಕೆ ಸಹಿ ಹಾಕಿ ಎಂದಾಗ ಅವರು ಹಿಂದೆ ಸರಿದರು. ಸಹಿ ಹಾಕಿದರೆ ಕೋರ್ಟಿಗೆ ಅಲೆಯಬೇಕಾಗುತ್ತದೆ ಎಂಬ ಭಯ. ಅದು ಸುಳ್ಳು ಭಯವೂ ಅಲ್ಲ ಬಿಡಿ.

ಕೇಸನ್ನು ನೋಡಿಕೊಳ್ಳುತ್ತಿದ್ದ ಕಿರಿಯ ವಕೀಲೆ ನನ್ನ ಹತ್ತಿರ ಒಂದು ಲೇಖನ ಹಿಡಿದುಕೊಂಡು ಬಂದರು. ಕಾನೂನು ನಿಯತಕಾಲಿಕವೊಂದರಲ್ಲಿ 2019ರ ಮೊದಲರ್ಧದಲ್ಲಿ ಬಂದದ್ದು. ಪುಟದ ಅರ್ಧ ಅಡಿಟಿಪ್ಪಣಿಗಳೇ. ಲೇಖನದ ತೀರ್ಮಾನ ಅವರಿಗೆ ಹೇಳಿ ಮಾಡಿಸಿದ ಹಾಗಿತ್ತು: 65ಬಿ ಪ್ರಮಾಣಪತ್ರ ಬರೀ ವಿಧಾನಕ್ಕೆ ಸಂಬಂಧಿಸಿದ್ದು, ನ್ಯಾಯದ ಹಿತಕ್ಕೆ ಬೇಕಾದರೆ ಕೋರ್ಟ್ ಅದನ್ನು ಸಡಿಲಿಸಬಹುದು.

"ಸರ್, ಇದಕ್ಕೆ ಮೂರು ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿದ್ದಾರೆ. ಲಿಖಿತ ವಾದಕ್ಕೆ ಇದನ್ನೇ ಹಾಕ್ಕೊಳ್ಳಲಾ?"

"ಮೂರನ್ನೂ ಓದಿದ್ದೀರಾ?"

"ಲೇಖನದಲ್ಲಿ ಕೊಟ್ಟಿರೋ ಭಾಗ ಓದಿದ್ದೀನಿ."

ಸಮಸ್ಯೆ ಇದೇ. ಲೇಖನದಲ್ಲಿ ಕೊಟ್ಟ ಭಾಗ ಓದುವುದೂ ತೀರ್ಪು ಓದುವುದೂ ಬೇರೆ ಬೇರೆ. ಅವರನ್ನು ದೂರುತ್ತಿಲ್ಲ, ನಾನೂ ಎಷ್ಟೋ ವರ್ಷ ಹಾಗೇ ಮಾಡಿದ್ದೇನೆ.

ಮೊದಲು ಮಾಡಿದ್ದು, ಅದೂ ತಪ್ಪೇ

ನನಗೆ ಒಂದು ವಿಷಯ ಗೊತ್ತಿತ್ತು. ಲೇಖನ ಮುಖ್ಯವಾಗಿ ನಂಬಿದ್ದು ಶಫಿ ಮೊಹಮ್ಮದ್ ತೀರ್ಪನ್ನು, 2018ರದು, ಇಬ್ಬರು ನ್ಯಾಯಮೂರ್ತಿಗಳ ಪೀಠ. ಅದನ್ನು 2020ರ ಜುಲೈನಲ್ಲಿ ಅರ್ಜುನ್ ಪಂಡಿತರಾವ್ ಖೋತ್ಕರ್ ಪ್ರಕರಣದಲ್ಲಿ ಮೂವರ ಪೀಠ ಓವರ್‌ರೂಲ್ ಮಾಡಿದೆ, ಅಂದರೆ ಅದು ಹೇಳಿದ ಕಾನೂನು ಸರಿಯಲ್ಲ ಎಂದು ತಳ್ಳಿಹಾಕಿದೆ. ಹಾಗಾಗಿ ಎರಡು ನಿಮಿಷವೂ ಯೋಚಿಸದೆ ಹೇಳಿಬಿಟ್ಟೆ: "ಇದು ಸತ್ತ ಲೇಖನ, ಬಿಸಾಡಿ."

ಅವರು ಬಿಸಾಡಲಿಲ್ಲ. ಮನೆಗೆ ಹೋಗಿ ಉಳಿದ ಎರಡು ತೀರ್ಪುಗಳನ್ನೂ ಪೂರ್ತಿ ಓದಿದರು. ಮರುದಿನ ಬಂದು ಕೇಳಿದ ಪ್ರಶ್ನೆ ನನ್ನನ್ನು ಕೂರಿಸಿತು. "ಶಫಿ ಹೋಯ್ತು ಸರ್, ಒಪ್ಪಿದೆ. ಆದರೆ ಲೇಖನ ಹೇಳೋದು ಟೊಮಾಸೊ ಬ್ರೂನೋ ಬಗ್ಗೆನೂ. ಅದು 2015ರದು, ಮೂವರ ಪೀಠ. ಸರ್ಟಿಫಿಕೇಟ್ ಬೇಕೇ ಬೇಕು ಅಂದ ಅನ್ವರ್ ತೀರ್ಪೂ ಮೂವರದ್ದೇ, 2014ರದು. ಸಮಾನ ಪೀಠ, ಅದರಲ್ಲೂ ಆಮೇಲೆ ಬಂದದ್ದು. ಅದೂ ಯಾಕೆ ಹೋಯ್ತು?"

ಒಳ್ಳೆಯ ಪ್ರಶ್ನೆ. ಓವರ್‌ರೂಲ್ ಆಗಿದೆ ಎನ್ನುವುದು ನನಗೆ ಗೊತ್ತಿತ್ತು, ಯಾಕೆ ಎನ್ನುವುದು ಬಾಯಿಗೆ ಬರಲಿಲ್ಲ. ಯಾಕೆ ಅಂತ ಗೊತ್ತಿಲ್ಲದಿದ್ದರೆ ಲೇಖನದ ಯಾವ ಭಾಗ ಬಿದ್ದಿದೆ, ಯಾವುದು ಇನ್ನೂ ನಿಂತಿದೆ ಎಂದು ಹೇಳಲಾಗುವುದಿಲ್ಲ. ಅಲ್ಲಿಂದ ಮತ್ತೆ ಮೊದಲಿನಿಂದ ಶುರು ಮಾಡಿದೆವು.

ಒಂದು ಹಾಳೆ, ಒಂದಷ್ಟು ಬಾಣ

ಮೊದಲು ಮಾಡಿದ ಕೆಲಸ ತುಂಬಾ ಸಾದಾ. ಒಂದು ದೊಡ್ಡ ಹಾಳೆ ತಗೊಂಡು ಲೇಖನದ ತೀರ್ಪುಗಳನ್ನು ವರ್ಷದ ಕ್ರಮದಲ್ಲಿ ಕೆಳಗಿನಿಂದ ಮೇಲಕ್ಕೆ ಬರೆದೆವು. ಪ್ರತಿಯೊಂದರ ಪಕ್ಕ ಪೀಠದಲ್ಲಿ ಎಷ್ಟು ಜನ, ಕೋರ್ಟಿನ ಮುಂದೆ ಇದ್ದ ಪ್ರಶ್ನೆ ಏನು. ಆಮೇಲೆ ಪ್ರತಿ ತೀರ್ಪು ಯಾವ ಹಳೆಯ ತೀರ್ಪನ್ನು ನಂಬಿಕೊಂಡಿದೆಯೋ ಅದಕ್ಕೆ ಒಂದು ಬಾಣ. ಲೇಖನದಲ್ಲಿ ಈ ಬಾಣಗಳು ಕಾಣುವುದಿಲ್ಲ. ಅಲ್ಲಿ ತೀರ್ಪುಗಳು ಒಂದೇ ಅಡಿಟಿಪ್ಪಣಿಯಲ್ಲಿ ಸಾಲಾಗಿ, ಅರ್ಧವಿರಾಮ ಹಾಕಿಕೊಂಡು ನಿಂತಿರುತ್ತವೆ, ಮೂವರು ಬೇರೆ ಬೇರೆ ಸಾಕ್ಷಿಗಳು ಬಂದು ಒಂದೇ ಮಾತು ಹೇಳಿದ ಹಾಗೆ.

ಕೆಳಗೆ 2005ರ ನವಜೋತ್ ಸಂಧು ತೀರ್ಪು, ಸಂಸತ್ತಿನ ಮೇಲಿನ ದಾಳಿಯ ಪ್ರಕರಣ. ಅಲ್ಲಿ ಮೊಬೈಲ್ ಕರೆಗಳ ದಾಖಲೆಯ ಪ್ರಿಂಟ್‌ಔಟ್ ಇತ್ತು, ಪ್ರಮಾಣಪತ್ರ ಇರಲಿಲ್ಲ. ಇಬ್ಬರ ಪೀಠ ಹೇಳಿದ್ದು: 65ಬಿ ಪಾಲಿಸದಿದ್ದರೂ, ಕಲಂ 63 ಮತ್ತು 65ರಲ್ಲಿ ಮೊದಲಿನಿಂದ ಇರುವ ದ್ವಿತೀಯ ಸಾಕ್ಷ್ಯದ, ಅಂದರೆ ಮೂಲದ ಬದಲು ಪ್ರತಿ ಕೊಡುವ ದಾರಿಯಲ್ಲಿ ಅದನ್ನು ತರಬಹುದು.

ಅದರ ಮೇಲೆ 2014ರ ಅನ್ವರ್. ಚುನಾವಣಾ ತಕರಾರಿನಲ್ಲಿ ಸಿಡಿಗಳು ಹಾಜರಾಗಿದ್ದವು. ಮೂವರ ಪೀಠ ನವಜೋತ್ ಸಂಧು ಹೇಳಿದ್ದು ಸರಿಯಲ್ಲ ಎಂದಿತು. ಎಲೆಕ್ಟ್ರಾನಿಕ್ ದಾಖಲೆಯ ದ್ವಿತೀಯ ಸಾಕ್ಷ್ಯದ ವಿಷಯದಲ್ಲಿ ಅದು ಹೇಳಿದ ಕಾನೂನನ್ನು ಓವರ್‌ರೂಲ್ ಮಾಡಿತು. ಆ ಒಂದು ವಿಷಯದಲ್ಲಿ ಮಾತ್ರ, ಉಳಿದದ್ದನ್ನು ಮುಟ್ಟಲಿಲ್ಲ. ಇಲ್ಲಿ ನಾವು ಕೆಂಪು ಗೆರೆ ಎಳೆದೆವು, ಹಾಳೆಯ ಅಡ್ಡಕ್ಕೆ.

ಕೆಂಪು ಗೆರೆಯ ಮೇಲೆ 2015ರ ಟೊಮಾಸೊ ಬ್ರೂನೋ. ಅದರ ಬಾಣ ಎಲ್ಲಿಗೆ ಹೋಗುತ್ತದೆ? ಅನ್ವರ್‌ಗೆ ಅಲ್ಲ. ಕೆಂಪು ಗೆರೆ ದಾಟಿ ನೇರ ಕೆಳಗೆ, ನವಜೋತ್ ಸಂಧುಗೆ. ಕೆಲವೇ ತಿಂಗಳ ಹಿಂದೆ ಅನ್ವರ್ ಬಂದಿದ್ದರೂ ಅದರ ಪ್ರಸ್ತಾಪವೇ ಅಲ್ಲಿಲ್ಲ. ಅದರ ಮೇಲೆ 2018ರ ಶಫಿ. ಅದು ನಂಬಿದ ತೀರ್ಪುಗಳಲ್ಲಿ ಟೊಮಾಸೊ ಬ್ರೂನೋ ಒಂದು ಮುಖ್ಯವಾದದ್ದು.

ಆ ಹಾಳೆಯನ್ನು ನೋಡುತ್ತಾ ಇಬ್ಬರೂ ಸ್ವಲ್ಪ ಹೊತ್ತು ಸುಮ್ಮನೆ ಕೂತೆವು. ಲೇಖನದ ಮೂರು ಸೈಟೇಶನ್‌ಗಳು ಮೂರು ಆಧಾರಗಳೇ ಅಲ್ಲ. ಒಂದರ ಹೆಗಲ ಮೇಲೆ ಒಂದು ನಿಂತ ಒಂದೇ ಕಂಬ. ಎಲ್ಲಕ್ಕಿಂತ ಕೆಳಗಿನವನ ಕಾಲು 2014ರಲ್ಲೇ ಹೋಗಿದೆ.

ಇನ್ನು ಪೀಠದ ಲೆಕ್ಕ. ಲೇಖಕರು ಟೊಮಾಸೊ ಬ್ರೂನೋ ಅನ್ವರ್‌ಗೆ ಸಮಾನ, ಆಮೇಲಿನದು, ಹಾಗಾಗಿ ಅದೇ ನಡೆಯಬೇಕು ಎಂದಿದ್ದರು. ಕೇಳುವುದಕ್ಕೆ ಸರಿ ಅನಿಸುತ್ತದೆ, ಕಾಯಿದೆಗಳ ವಿಷಯದಲ್ಲಿ ಹೊಸದು ಹಳೆಯದನ್ನು ತಳ್ಳುತ್ತದೆ, ಆ ಅಭ್ಯಾಸದಲ್ಲಿ ತೀರ್ಪನ್ನೂ ಹಾಗೇ ನೋಡಿಬಿಡುತ್ತೇವೆ. ತೀರ್ಪಿನಲ್ಲಿ ಹಾಗಿಲ್ಲ. ಮೂವರ ಪೀಠ ಹೇಳಿದ್ದನ್ನು ಇನ್ನೊಂದು ಮೂವರ ಪೀಠ ಒಪ್ಪದಿದ್ದರೆ ವಿಷಯವನ್ನು ದೊಡ್ಡ ಪೀಠಕ್ಕೆ ಕಳುಹಿಸಬೇಕು. ಹಳೆಯದನ್ನು ಗಮನಿಸದೆಯೇ ಬೇರೆ ಮಾತು ಹೇಳಿದರೆ ಅದಕ್ಕೆ ಪರ್ ಇನ್‌ಕ್ಯೂರಿಯಂ ಎನ್ನುತ್ತಾರೆ, ಅಂದರೆ ಪಾಲಿಸಬೇಕಾದ ತೀರ್ಪು ಕಣ್ಣಿಗೆ ಬೀಳದೆ ಕೊಟ್ಟದ್ದು. ಅರ್ಜುನ್ ಪಂಡಿತರಾವ್ ತೀರ್ಪು ಟೊಮಾಸೊ ಬ್ರೂನೋ ಬಗ್ಗೆ ಹೇಳಿದ್ದೂ ಇದನ್ನೇ.

ಕೋರ್ಟಿನ ಮುಂದೆ ಪ್ರಶ್ನೆ ಏನಿತ್ತು?

ಹಾಳೆಯಲ್ಲಿ ಇನ್ನೊಂದು ಕಾಲಂ ಇತ್ತಲ್ಲ, ಕೋರ್ಟಿನ ಮುಂದಿದ್ದ ಪ್ರಶ್ನೆ ಅಂತ. ಟೊಮಾಸೊ ಬ್ರೂನೋ ಎದುರಿಗೆ ಅದನ್ನು ತುಂಬುವಾಗ ವಕೀಲೆಯ ಪೆನ್ನು ನಿಂತಿತು. ಅದು ವಾರಾಣಸಿಯ ಹೋಟೆಲಿನಲ್ಲಿ ನಡೆದ ಸಾವಿನ ಪ್ರಕರಣ. ಹೋಟೆಲಿನಲ್ಲಿ ಸಿಸಿಟಿವಿ ಇತ್ತು. ಪ್ರಾಸಿಕ್ಯೂಷನ್ ಆ ದೃಶ್ಯವನ್ನು ಕೋರ್ಟಿಗೆ ತರಲೇ ಇಲ್ಲ. ಇದ್ದ ಒಳ್ಳೆಯ ಸಾಕ್ಷ್ಯವನ್ನು ತರದೆ ಹೋದರೆ ಅದು ತರದವರಿಗೆ ವಿರುದ್ಧವಾಗಿರುತ್ತಿತ್ತು ಎಂದು ಊಹಿಸಬಹುದಾ, ಇದು ಅಲ್ಲಿನ ವಿಷಯ.

"ಸರ್, ಅಲ್ಲಿ ಫೂಟೇಜೇ ಇಲ್ಲ. ಫೂಟೇಜೇ ಇಲ್ಲದ ಮೇಲೆ ಅದಕ್ಕೆ ಸರ್ಟಿಫಿಕೇಟ್ ಬೇಕಾ ಬೇಡ್ವಾ ಅನ್ನೋ ಪ್ರಶ್ನೆ ಎಲ್ಲಿಂದ ಬರುತ್ತೆ?"

ಬರುವುದಿಲ್ಲ. ದ್ವಿತೀಯ ಸಾಕ್ಷ್ಯವಾಗಿ ಎಲೆಕ್ಟ್ರಾನಿಕ್ ದಾಖಲೆಯನ್ನು ಹೇಗೆ ತರಬಹುದು ಎಂದು ಅಲ್ಲಿ ಹೇಳಿದ್ದು ದಾರಿಯಲ್ಲಿ ಬಂದ ಮಾತು. ಅದನ್ನು ತೆಗೆದುಹಾಕಿದರೂ ತೀರ್ಪು ಹಾಗೇ ನಿಲ್ಲುತ್ತದೆ. ಇದು ನಾನು ಯಾವಾಗಲೂ ಮಾಡುವ ಪರೀಕ್ಷೆ: ಲೇಖನ ಎತ್ತಿಕೊಂಡ ವಾಕ್ಯವನ್ನು ತೀರ್ಪಿನಿಂದ ಬೆರಳಿಟ್ಟು ಮುಚ್ಚಿ, ಗೆದ್ದವರು ಆಗಲೂ ಗೆಲ್ಲುತ್ತಾರಾ ನೋಡಿ. ಗೆಲ್ಲುತ್ತಾರಾದರೆ ಆ ವಾಕ್ಯ ಬಹುಮಟ್ಟಿಗೆ ಒಬಿಟರ್, ಅಂದರೆ ದಾರಿಯಲ್ಲಿ ಬಂದ ಮಾತು. ಬೆಲೆ ಇಲ್ಲ ಅಂತಲ್ಲ, ಆದರೆ "ಸುಪ್ರೀಂ ಕೋರ್ಟ್ ತೀರ್ಮಾನಿಸಿದೆ" ಎಂದು ಬರೆಯುವಷ್ಟಿಲ್ಲ. ನಮ್ಮ ಲೇಖನದಲ್ಲಿ ಬರೆದದ್ದು ಅದೇ ಪದ, "ತೀರ್ಮಾನಿಸಿದೆ". ಕಾನೂನು ಲೇಖನಗಳಲ್ಲಿ ನಾನು ಮೊದಲು ನೋಡುವುದು ಕ್ರಿಯಾಪದಗಳನ್ನು. ಕೋರ್ಟ್ ತೀರ್ಮಾನಿಸಿತು, ಅಭಿಪ್ರಾಯಪಟ್ಟಿತು, ಗಮನಿಸಿತು, ಇವನ್ನು ಅದಲುಬದಲು ಮಾಡಿ ಬಳಸುವ ಲೇಖಕರ ಮೇಲೆ ಒಂದು ಕಣ್ಣು ಜಾಸ್ತಿ ಇಡಬೇಕು.

ಮೂರು ಚುಕ್ಕಿ

ಕಾಯಿದೆಯ ಭಾಗಕ್ಕೆ ಬಂದಾಗ ಲೇಖನ ನಿಜಕ್ಕೂ ಬುದ್ಧಿವಂತಿಕೆಯಿಂದ ವಾದ ಮಾಡಿತ್ತು, ಇದನ್ನು ಒಪ್ಪಲೇಬೇಕು. 65ಬಿ(4) ಹೇಳುವುದು ಏನು? ಪ್ರಮಾಣಪತ್ರ ಕೊಟ್ಟರೆ ಅದರಲ್ಲಿ ಹೇಳಿದ ಸಂಗತಿಗೆ ಆ ಪತ್ರವೇ ಸಾಕ್ಷ್ಯ ಎಂದು. ಪ್ರಮಾಣಪತ್ರ ಇಲ್ಲದಿದ್ದರೆ ದಾಖಲೆಯನ್ನು ತಗೊಳ್ಳಲೇಬಾರದು ಎಂದು ಆ ಉಪಕಲಮಿನಲ್ಲಿ ಎಲ್ಲೂ ಬಾಯಿಬಿಟ್ಟು ಹೇಳಿಲ್ಲ. ಹಾಗಾದರೆ ಅದು ಸಾಬೀತು ಮಾಡುವ ಒಂದು ಸುಲಭ ದಾರಿ ಮಾತ್ರ, ಒಂದೇ ದಾರಿ ಅಲ್ಲ. ಇದು ಅವರ ವಾದ.

ಅದಾದ ಮೇಲೆ 65ಬಿ(1)ನ್ನು ಉದ್ಧರಿಸಿದ್ದರು. ಉದ್ಧರಣೆ ಶುರುವಾಗುವುದು ಮೂರು ಚುಕ್ಕಿಯಿಂದ. ನಾನು ಅದನ್ನು ಗಮನಿಸದೆ ಎರಡು ಸಲ ಓದಿದ್ದೆ. ಮೂರನೆಯ ಸಲ ಕಾಯಿದೆಯ ಪುಸ್ತಕವನ್ನು ಪಕ್ಕದಲ್ಲಿಟ್ಟು ಪದಕ್ಕೆ ಪದ ಹೊಂದಿಸಿ ನೋಡುವಾಗ ಸಿಕ್ಕಿತು. ಚುಕ್ಕಿಗಳ ಕೆಳಗೆ ಇದ್ದದ್ದು, "ಈ ಕಾಯಿದೆಯಲ್ಲಿ ಬೇರೆ ಏನೇ ಇದ್ದರೂ" ಎಂಬ ಅರ್ಥದ ಪದಗಳು.

ಈ ಪದಗಳೇ ಇಡೀ ಜಗಳದ ಬೀಗದ ಕೈ. ಬೇರೆ ಏನೇ ಇದ್ದರೂ ಎಂದ ಮೇಲೆ 63, 65ರ ಸಾಮಾನ್ಯ ದಾರಿ ಮುಚ್ಚಿತು ಎಂದು ಅನ್ವರ್ ಓದಿತು. ವಿಶೇಷ ನಿಯಮ ಇರುವ ಕಡೆ ಸಾಮಾನ್ಯ ನಿಯಮ ನಡೆಯುವುದಿಲ್ಲ ಎನ್ನುವ ತತ್ವವೂ ಅದಕ್ಕೆ ಜೊತೆಯಾಯಿತು. ಅದೇ ಉಪಕಲಮಿನಲ್ಲಿ ಮುಂದೆ "ಈ ಕಲಮಿನ ಷರತ್ತುಗಳು ಪೂರೈಸಿದರೆ" ಎಂದೂ ಇದೆ. ಒಂದು ಕೆಲಸವನ್ನು ಇಂಥ ರೀತಿಯಲ್ಲೇ ಮಾಡಬೇಕು ಎಂದು ಕಾಯಿದೆ ಹೇಳಿದರೆ ಹಾಗೇ ಮಾಡಬೇಕು, ಇಲ್ಲವೇ ಮಾಡಲೇಬಾರದು ಎನ್ನುವ ಹಳೆಯ ಟೇಲರ್ ತತ್ವವನ್ನು 2020ರಲ್ಲಿ ಕೋರ್ಟ್ ಇಲ್ಲಿಗೆ ತಂದು ಕೂರಿಸಿತು.

ಲೇಖಕರು ಬೇಕೆಂದೇ ಬಿಟ್ಟರಾ? ನನಗೆ ಹಾಗನಿಸುವುದಿಲ್ಲ. ಉದ್ದ ಕಡಿಮೆ ಮಾಡಲು ಬಿಟ್ಟಿರಬಹುದು. ಆದರೆ ಕಾಯಿದೆಯ ಉದ್ಧರಣೆಯಲ್ಲಿ ಕಲಮಿನ ತಲೆ ಅಥವಾ ಬಾಲ ಕಾಣೆಯಾಗಿದ್ದರೆ ಮೂಲ ತೆಗೆದು ನೋಡಲೇಬೇಕು. ಆದರೆ, ಹೊರತು, ಏನೇ ಇದ್ದರೂ ಇಂಥ ಪದಗಳು ಕೂರುವ ಜಾಗ ಅದೇ.

ಹಾಗಾದರೆ ಬಿಸಾಡೋದಾ?

ಇಲ್ಲಿಗೆ ಬಂದಾಗ ನಾನು ಮತ್ತೆ "ಹೇಳಿದ್ನಲ್ಲ" ಎನ್ನುವ ಮೂಡಿನಲ್ಲಿದ್ದೆ. ವಕೀಲೆ ಮಾತ್ರ ಲೇಖನದ ನಾಲ್ಕನೇ ಭಾಗವನ್ನು ಮುಂದಿಟ್ಟರು, ಅಲ್ಲಿಯವರೆಗೆ ನಾವು ಓದೇ ಇರಲಿಲ್ಲ. ಅದರಲ್ಲಿ ಲೇಖಕರು ತೀರ್ಪುಗಳನ್ನು ಪಕ್ಕಕ್ಕಿಟ್ಟು ತಮ್ಮದೇ ತರ್ಕ ಕಟ್ಟಿದ್ದರು. ಪ್ರಮಾಣಪತ್ರ ಕೊಡಬೇಕಾದವನು ಸಾಧನದ ಮೇಲೆ ಹಿಡಿತ ಇರುವವನು. ಸಾಧನ ಮೂರನೆಯವರ ಕೈಯಲ್ಲಿದ್ದು ಅವರು ಸಹಿ ಹಾಕುವುದಿಲ್ಲ ಎಂದರೆ, ತಾನು ಮಾಡಲಾಗದ ಕೆಲಸವನ್ನು ಮಾಡಲಿಲ್ಲ ಎಂದು ಕಕ್ಷಿದಾರನನ್ನು ಶಿಕ್ಷಿಸಿದ ಹಾಗಾಗುತ್ತದೆ. ಕಾನೂನು ಆಗದ್ದನ್ನು ಮಾಡು ಎನ್ನುವುದಿಲ್ಲ.

ಈ ತರ್ಕ ಅಡಿಟಿಪ್ಪಣಿಯ ಯಾವ ತೀರ್ಪಿನ ಮೇಲೂ ನಿಂತಿರಲಿಲ್ಲ. ಹಾಗಾಗಿ ಅವು ಬಿದ್ದಾಗ ಇದು ಬೀಳಲಿಲ್ಲ. ಇದು ನಮಗೆ ಹೊಳೆದದ್ದು ಲೇಖನದ ಮೂರು ಎಳೆಗಳನ್ನು ಬೇರೆ ಬೇರೆ ಮಾಡಿದ ಮೇಲೆ. ವಕೀಲೆ ಮೂರು ಬಣ್ಣದ ಪೆನ್ಸಿಲ್ ತಂದಿದ್ದರು: ಕಾಯಿದೆಯ ಮಾತಿಗೆ ನೀಲಿ, ಕೋರ್ಟಿನ ಮಾತಿಗೆ ಹಸಿರು, ಲೇಖಕರ ಸ್ವಂತ ಮಾತಿಗೆ ಕೇಸರಿ. ಮೊದಲ ಮೂರು ಭಾಗದಲ್ಲಿ ಹಸಿರೇ ಜಾಸ್ತಿ. ನಾಲ್ಕನೇ ಭಾಗ ಪೂರ್ತಿ ಕೇಸರಿ. ಕೇಸರಿಯನ್ನು ಕೋರ್ಟಿನಲ್ಲಿ ಆಧಾರ ಎಂದು ತೋರಿಸಲಾಗದು, ಅದಕ್ಕೇ ಅವಸರದಲ್ಲಿ ಓದುವವರು ಅದನ್ನು ಹಾರಿಸುತ್ತಾರೆ. ನಾವೂ ಹಾರಿಸಿದ್ದೆವು.

ಆಮೇಲೆ ಅರ್ಜುನ್ ಪಂಡಿತರಾವ್ ತೀರ್ಪನ್ನು ಇಬ್ಬರೂ ಸೇರಿ ಪೂರ್ತಿ ಓದಿದೆವು. ಅದೂ ಚುನಾವಣಾ ತಕರಾರು. ನಾಮಪತ್ರವನ್ನು ಗಡುವಿನ ಹೊತ್ತು ಮೀರಿ ತಗೊಂಡರಾ ಎನ್ನುವುದಕ್ಕೆ ಚುನಾವಣಾಧಿಕಾರಿಯ ಕಚೇರಿಯ ವಿಡಿಯೋ ಬೇಕಿತ್ತು. ಪ್ರಮಾಣಪತ್ರ ಕೊಡಿ ಎಂದು ಎಷ್ಟು ಕೇಳಿದರೂ ಅಧಿಕಾರಿಗಳು ಕೊಡಲಿಲ್ಲ. ಕೋರ್ಟ್ ಪ್ರಮಾಣಪತ್ರ ಕಡ್ಡಾಯ ಎಂದಿತು, ಅದರಲ್ಲಿ ಸಡಿಲಿಕೆ ಇಲ್ಲ. ಅದರ ಬೆನ್ನಿಗೇ, ಪ್ರಮಾಣಪತ್ರ ಪಡೆಯಲು ಕಕ್ಷಿದಾರ ತನ್ನ ಕೈಲಾದದ್ದನ್ನೆಲ್ಲ ಮಾಡಿದ್ದರೆ, ಸಂಬಂಧಪಟ್ಟವರನ್ನು ಕೇಳಿ, ಕೋರ್ಟಿಗೂ ಅರ್ಜಿ ಹಾಕಿ, ಆದರೂ ಸಿಗದಿದ್ದರೆ ಆಗದ್ದನ್ನು ಮಾಡು ಎನ್ನಲಾಗದು ಎಂದೂ ಹೇಳಿತು. ಅಂದರೆ ಲೇಖನದ ಕೇಸರಿ ಭಾಗಕ್ಕೆ ಹತ್ತಿರದ ಮಾತೇ, ಬೇರೆ ಬಾಗಿಲಿನಿಂದ ಒಳಗೆ ಬಂದಿದೆ.

ವ್ಯತ್ಯಾಸ ಸಣ್ಣದಲ್ಲ. ಲೇಖನದ ಪ್ರಕಾರ ಮಾಲೀಕರು ಒಪ್ಪಲಿಲ್ಲ ಎಂದರೆ ಸಾಕು, ಕೋರ್ಟ್ ಸಡಿಲಿಸಬಹುದು. ತೀರ್ಪಿನ ಪ್ರಕಾರ ಮೊದಲು ಕೇಳಬೇಕು, ಆಮೇಲೆ ಕೋರ್ಟಿನ ಮೂಲಕ ಕೇಳಬೇಕು, ಅದಾದ ಮೇಲೆ ಮಾತ್ರ ವಿನಾಯಿತಿಯ ಮಾತು. ನಮ್ಮ ಕೇಸಿನಲ್ಲಿ ಮಾಲೀಕರನ್ನು ಫೋನಿನಲ್ಲಿ ಕೇಳಿದ್ದು ಬಿಟ್ಟರೆ ಏನೂ ಆಗಿರಲಿಲ್ಲ. ಲೇಖನವನ್ನು ನಂಬಿ ವಾದ ಬರೆದಿದ್ದರೆ ಎದುರಿನವರು ಒಂದೇ ಮಾತು ಕೇಳುತ್ತಿದ್ದರು: ಅರ್ಜಿ ಎಲ್ಲಿ ಹಾಕಿದ್ದೀರಿ ತೋರಿಸಿ.

ಆದದ್ದು

ಲಿಖಿತ ವಾದವನ್ನು ಅಲ್ಲಿಗೇ ನಿಲ್ಲಿಸಿದೆವು. ಮೊದಲು ಮಾಲೀಕರಿಗೆ ಲಿಖಿತ ಕೋರಿಕೆ ಹೋಯಿತು, ರಿಜಿಸ್ಟರ್ಡ್ ಅಂಚೆಯಲ್ಲಿ. ಉತ್ತರ ಬರಲಿಲ್ಲ. ಆಮೇಲೆ ವಿಚಾರಣಾ ನ್ಯಾಯಾಲಯದಲ್ಲಿ ದಂಡ ಪ್ರಕ್ರಿಯಾ ಸಂಹಿತೆಯ ಕಲಂ 91ರ ಅಡಿ ಅರ್ಜಿ. ವಿಚಾರಣೆ ಮುಗಿಯುವುದರೊಳಗೆ ಪ್ರಮಾಣಪತ್ರ ತರಿಸಲು ಕೋರ್ಟ್ ಹೇಳಬಹುದು ಎನ್ನುವ ಅರ್ಜುನ್ ಪಂಡಿತರಾವ್ ಮಾತನ್ನು ಅರ್ಜಿಯಲ್ಲಿ ಹಾಕಿದ್ದೆವು, ಈ ಸಲ ಪ್ಯಾರಾ ಓದಿ. ಪ್ರಾಸಿಕ್ಯೂಷನ್ ತಡವಾಯಿತು ಎಂದು ಆಕ್ಷೇಪಿಸಿತು. ಅರ್ಜಿ ಮಂಜೂರಾಯಿತು. ಸಮನ್ಸ್ ಕೈಗೆ ಬಂದ ಮೇಲೆ ಮಾಲೀಕರು ಸಹಿ ಹಾಕಿದರು. ಹೇಗೂ ಕೋರ್ಟಿಗೆ ಬರಲೇಬೇಕಾಯಿತಲ್ಲ, ಇನ್ನು ಭಯ ಯಾಕೆ ಎನ್ನುವ ಲೆಕ್ಕ ಇರಬೇಕು.

ಪೆನ್‌ಡ್ರೈವ್ ಸಾಕ್ಷ್ಯವಾಗಿ ಮಾರ್ಕ್ ಆಯಿತು. ಮಾರ್ಕ್ ಆದ ಮಾತ್ರಕ್ಕೆ ಕೋರ್ಟ್ ನಂಬಿದೆ ಅಂತಲ್ಲ, ದೃಶ್ಯದಲ್ಲಿನ ಸಮಯ ಸರಿಯಾ ಎಂಬ ಬಗ್ಗೆ ಮಾಲೀಕರ ಪಾಟೀ ಸವಾಲು ಜೋರಾಗೇ ನಡೆಯಿತು. ಅದು ಬೇರೆ ಕಥೆ.

ಲೇಖನವನ್ನು ಕೋರ್ಟಿಗೆ ಕೊಡಲೇ ಇಲ್ಲ. ಆದರೆ ಅದರ ನಾಲ್ಕನೇ ಭಾಗ ಇಲ್ಲದಿದ್ದರೆ ನಾವು 2020ರ ತೀರ್ಪಿನಲ್ಲಿ "ಕಡ್ಡಾಯ" ಎಂಬ ಪದಕ್ಕೇ ನಿಂತುಬಿಡುತ್ತಿದ್ದೆವು, ವಿನಾಯಿತಿಯನ್ನು ಹುಡುಕುತ್ತಲೇ ಇರಲಿಲ್ಲ. ಲೇಖಕರ ಬಗ್ಗೆ ಇನ್ನೊಂದು ಮಾತು ಹೇಳಬೇಕು. ಅವರು ಬರೆದಾಗ ಶಫಿ ಜೀವಂತ ತೀರ್ಪು. ಅದನ್ನು ಮರುಪರಿಶೀಲನೆಗೆ ದೊಡ್ಡ ಪೀಠಕ್ಕೆ ಕಳುಹಿಸಿದ್ದೇ 2019ರ ಜುಲೈನಲ್ಲಿ, ಲೇಖನ ಅಚ್ಚಾದ ಮೇಲೆ. ಮುಂದೆ ಬರುವ ತೀರ್ಪು ಗೊತ್ತಿರಲಿಲ್ಲ ಎಂದು ಅವರನ್ನು ದೂರುವುದು ಅನ್ಯಾಯ. ದೂರಬೇಕಾದದ್ದು ಆಗಲೇ ಕಾಣಬೇಕಿದ್ದ ಬಾಣಗಳನ್ನು, ಮೂರು ಚುಕ್ಕಿಯನ್ನು.

ಈಗ ಇದೇ ವಿಷಯದ ಹೊಸ ಲೇಖನಗಳು ಬರುತ್ತಿವೆ. 2024ರ ಜುಲೈ 1ರಿಂದ ಭಾರತೀಯ ಸಾಕ್ಷ್ಯ ಅಧಿನಿಯಮ 2023 ಜಾರಿಯಲ್ಲಿದೆ, 65ಬಿ ಜಾಗಕ್ಕೆ ಕಲಂ 63 ಬಂದಿದೆ. ನಮ್ಮ ಕೇಸಿನಂತೆ ಆಗಲೇ ನಡೆಯುತ್ತಿದ್ದ ವಿಚಾರಣೆಗಳಿಗೆ ಹಳೆಯ ಕಾಯಿದೆಯೇ, ಅದಕ್ಕೆ ಕಲಂ 170 ನೋಡಬೇಕು. ಮೊನ್ನೆ ಅದೇ ವಕೀಲೆ ಒಂದು ಹೊಸ ಲೇಖನ ಕಳುಹಿಸಿದ್ದರು. ಅರ್ಜುನ್ ಪಂಡಿತರಾವ್ ಹೇಳಿದ್ದೆಲ್ಲ ಕಲಂ 63ಕ್ಕೂ ಹಾಗೇ ಅನ್ವಯಿಸುತ್ತದೆ ಎಂದು ಅದರಲ್ಲಿತ್ತು. ಪಕ್ಕದಲ್ಲಿ ಅವರು ನೀಲಿ ಪೆನ್ಸಿಲಿನಲ್ಲಿ ಬರೆದಿದ್ದರು: "63(4)ರಲ್ಲಿ ಈಗ ದಾಖಲೆ ಸಲ್ಲಿಸುವಾಗೆಲ್ಲ ಪ್ರಮಾಣಪತ್ರ ಅದರ ಜೊತೆಗೇ ಇರಬೇಕು ಅಂತಿದೆ, ಪರಿಣತರ ಸಹಿಯೂ ಬೇಕು. ಹಳೆಯದರಲ್ಲಿ ಈ ಪದಗಳಿರಲಿಲ್ಲ. ಆಮೇಲೆ ತಂದುಕೊಟ್ಟರೂ ನಡೆಯುತ್ತೆ ಅನ್ನೋದು ಇನ್ನೂ ನಿಲ್ಲುತ್ತಾ ಸರ್?"

ನಾನು ಇನ್ನೂ ಉತ್ತರ ಬರೆದಿಲ್ಲ. ಹಾಳೆ ತೆಗೆದಿಟ್ಟಿದ್ದೇನೆ.